ಹಾಡುವ ಬಾಯಿ ಮಾಡುವ ಸಂಧಿ

ಕೊಟ್ಟೂರಿನ ಸ್ವಾಮಿಯ ಹೆಸರು ಬರವಣಿಗೆಯಲ್ಲಿ ಕೊಟ್ಟೂರೇಶ್ವರ. ಇದನ್ನು ತುಸು ಮೊಟಕು ಮಾಡಿದರೆ ಕೊಟ್ಟೂರೇಶ. ಆದರೆ ಕೂಡ್ಲಿಗಿಯಿಂದ ಹಡಗಲಿಯವರೆಗೆ, ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಯವರೆಗೆ ಯಾವ ಊರಿಗೆ ಹೋದರೂ ಸಿಗುವ ಹೆಸರು ಕೊಟ್ರೇಶ. ಜೊತೆಗೆ ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಮ್ಮ. ಕೊಟ್ಟೂರಿನ ನಡುವೆ ಇದ್ದ ‘ಊ’ ಎಂಬ ದೀರ್ಘಸ್ವರ ಇಲ್ಲಿ ಪೂರ್ತಿ ಹೋಗಿಬಿಟ್ಟಿದೆ. ಮೊದಲಿನ ‘ಕೊ’ ಮಾತ್ರ ಎಲ್ಲಿಯೂ ಅಲುಗಿಲ್ಲ. ಹಾಗೆಯೇ ಹರಪನಹಳ್ಳಿ ಎಂದು ಬೋರ್ಡಿನಲ್ಲಿ ಓದುತ್ತೇವೆ, ಬಸ್ ನಿಲ್ದಾಣದಲ್ಲಿ ಕೇಳುವುದು ‘ಹರಪನಳ್ಳಿ’ ಎಂದು. ಅಲ್ಲಿಯೂ ಸವೆದದ್ದು ಪದದ ಮಧ್ಯ. ತಲೆ ಹಾಗೇ ಇದೆ.

ಈ ಹೊತ್ತು ನಾನು ಹೇಳಬೇಕಾಗಿರುವುದು ಈ ಸವೆತ ಹಾಡಿನಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು. ಕೋಲಾಟಕ್ಕೆ, ಭಜನೆಗೆ, ಬಯಲಾಟಕ್ಕೆ ಪದ ಕಟ್ಟುವವರಿಗೆ ಇದು ದಿನನಿತ್ಯದ ವಿಚಾರ. ಕನ್ನಡ ಪದದ ತುದಿಯಲ್ಲಿರುವ ಸ್ವರ ಬೇಕಾದ ಹಾಗೆ ಬಾಗುತ್ತದೆ. ಅದು ಮುಂದಿನ ಪದದೊಳಗೆ ಕರಗುತ್ತದೆ, ಎಳೆದರೆ ಉದ್ದವಾಗುತ್ತದೆ. ಪದದ ಮೊದಲ ಸ್ವರ ಬಾಗುವುದಿಲ್ಲ. ಅದನ್ನು ಎಳೆದರೆ ಪದವೇ ಬೇರೆಯಾಗುತ್ತದೆ. ತುದಿ ಯಾವಾಗ ಕರಗುತ್ತದೆ, ಯಾವಾಗ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ನಾವು ಹಾಳೆಯ ಮೇಲೆ ಬರೆದ ರೀತಿಯಲ್ಲ, ಹಾಡಿನ ಧಾಟಿ. ಈ ಭಾಷಣದಲ್ಲಿ ಸ್ವರ ಎಂದಾಗಲೆಲ್ಲ ನಾನು ಹೇಳುತ್ತಿರುವುದು ಅ ಆ ಇ ಈ ಎಂಬ ಅಕ್ಷರಸ್ವರಗಳನ್ನು, ಸರಿಗಮವನ್ನಲ್ಲ.

ಮೊದಲು ಲೆಕ್ಕವನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಮುಂದೆ ಒತ್ತಕ್ಷರವಿದ್ದರೆ, ಇಲ್ಲವೇ ಜೊತೆಗೆ ಸೊನ್ನೆಯಿದ್ದರೆ, ಹ್ರಸ್ವಕ್ಕೂ ಎರಡು. ‘ಊರು’, ‘ಅಲ್ಲಿ’ ಎಂದು ಬಿಡಿಸಿ ಹೇಳಿದರೆ ಮೂರು ಮತ್ತು ಮೂರು, ಒಟ್ಟು ಆರು ಮಾತ್ರೆ. ಕೂಡಿಸಿ ‘ಊರಲ್ಲಿ’ ಎಂದರೆ ಐದು. ಇದು ಲೋಪಸಂಧಿ, ಊರು ಎಂಬುದರ ತುದಿಯ ಉಕಾರ ಹೋಯಿತು, ಅದರ ಜೊತೆ ಒಂದು ಮಾತ್ರೆಯೂ ಹೋಯಿತು. ‘ಮನೆ’, ‘ಅಲ್ಲಿ’ ಕೂಡಿದರೆ ‘ಮನೆಯಲ್ಲಿ’. ನಡುವೆ ಯಕಾರ ಬಂದು ನಿಂತಿತು, ಮಾತ್ರೆ ಐದಿದ್ದದ್ದು ಐದೇ ಉಳಿಯಿತು. ಇದು ಆಗಮಸಂಧಿ. ಪದ ಕಟ್ಟುವವನಿಗೆ ಇವೆರಡರ ವ್ಯತ್ಯಾಸ ಇಷ್ಟೇ: ಲೋಪವಾದರೆ ಸಾಲು ಕುಗ್ಗುತ್ತದೆ, ಆಗಮವಾದರೆ ಕುಗ್ಗುವುದಿಲ್ಲ.

ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಲೋಪಸಂಧಿಗೆ ಒಂದು ಷರತ್ತು ಹಾಕಿರುತ್ತಾರೆ. ಅರ್ಥ ಕೆಡದ ಪಕ್ಷದಲ್ಲಿ ಮಾತ್ರ ಹಿಂದಿನ ಸ್ವರ ಲೋಪವಾಗಬೇಕು ಎಂಬುದು ಆ ಷರತ್ತು. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಆ ಮಾತನ್ನು ಮರೆತುಬಿಡುತ್ತೇವೆ. ಹಾಡು ಬರೆಯಲು ಕೂತಾಗ ಮಾತ್ರ ಅದು ಎಷ್ಟು ದೊಡ್ಡ ಮಾತು ಎಂದು ತಿಳಿಯುತ್ತದೆ. ಏಕೆಂದರೆ ಬರೆಯುವಾಗ ಆ ಷರತ್ತನ್ನು ನಾವು ಪಾಲಿಸಬಹುದು, ಹಾಡುವ ಬಾಯಿ ಅದನ್ನು ಕೇಳಿಕೊಂಡು ಕೂರುವುದಿಲ್ಲ.

ಒಂದು ಸಾಲನ್ನು ಕಟ್ಟಿ ನೋಡೋಣ. ಶಾಲೆಯ ಮಕ್ಕಳ ಕೋಲಾಟಕ್ಕೆ ಮಳೆಯ ಪದ ಬೇಕಾಗಿದೆ ಎಂದಿಟ್ಟುಕೊಳ್ಳಿ. ಧಾಟಿ ಸರಳ. ಒಂದು ಸಾಲಿಗೆ ನಾಲ್ಕು ಪೆಟ್ಟು, ಪೆಟ್ಟಿಗೆ ನಾಲ್ಕು ಮಾತ್ರೆ, ಒಟ್ಟು ಹದಿನಾರು. ಎರಡನೆಯ ಪೆಟ್ಟಿನ ಕೊನೆಯ ಎರಡು ಮಾತ್ರೆಗಳಲ್ಲಿ ದನಿ ಮೇಲೇರಿ ಅಲ್ಲಿಯೇ ನಿಲ್ಲುತ್ತದೆ. ಸಾಲಿನ ಕೊನೆಯಲ್ಲಿ ಇನ್ನೊಂದು ಎಳೆತ. ಈ ಧಾಟಿಗೆ ಹೀಗೊಂದು ಸಾಲು:

ನೀರಿಲ್ಲದ ಊರಿಗೆ ಮಳೆ ಬಂತು

ಲೆಕ್ಕ ಹಾಕಿದರೆ ಎಲ್ಲವೂ ಸರಿಯಿದೆ. ನೀ-ರಿಲ್ ನಾಲ್ಕು. ಲ-ದ-ಊ ನಾಲ್ಕು. ರಿ-ಗೆ-ಮ-ಳೆ ನಾಲ್ಕು. ಬಂ-ತು ಮೂರು, ತುದಿಯ ‘ತು’ವನ್ನು ಎಳೆದರೆ ನಾಲ್ಕು. ಕಾಗದದ ಮೇಲೆ ತಪ್ಪು ಹುಡುಕಲು ಆಗುವುದಿಲ್ಲ. ಈಗ ಇದನ್ನು ಹಾಡಿಸಿ. ‘ದ’ ಎಂಬ ಅಕ್ಷರಕ್ಕೆ ಧಾಟಿ ಕೊಟ್ಟಿರುವುದು ಒಂದೇ ಮಾತ್ರೆ. ಅದರ ಬೆನ್ನಿಗೇ ‘ಊ’ ಬಂತು, ಅಲ್ಲಿ ದನಿ ಮೇಲೇರಬೇಕು. ‘ದ’ ಮುಗಿಸಿ, ತಡೆದು, ಹೊಸದಾಗಿ ‘ಊ’ ಎತ್ತಿಕೊಳ್ಳಲು ಮಗುವಿಗೆ ಹೊತ್ತಿಲ್ಲ. ಅದು ‘ದೂ’ ಎಂದೇ ಹಿಡಿದು, ಎರಡು ಅಕ್ಷರಗಳ ಮೂರು ಮಾತ್ರೆಯನ್ನೂ ಆ ಒಂದೇ ಅಕ್ಷರದಲ್ಲಿ ತುಂಬುತ್ತದೆ. ತಾಳ ತಪ್ಪುವುದಿಲ್ಲ, ಹಾಗಾಗಿ ತಾಳ ಹಾಕುವವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಎದುರಿಗೆ ಕೂತವರ ಕಿವಿಗೆ ಬೀಳುವುದು ಹೀಗೆ: “ನೀರಿಲ್ಲ, ದೂರಿಗೆ ಮಳೆ ಬಂತು.” ನೀರಿಲ್ಲ ಎಂದು ಪಂಚಾಯಿತಿಗೆ ಕೊಡುವ ದೂರು ಇದೆಯಲ್ಲ, ಆ ದೂರು. ಬರ ಕಂಡ ನಮ್ಮ ತಾಲೂಕುಗಳಲ್ಲಿ ನೀರು ಮತ್ತು ದೂರು ಒಂದೇ ಉಸಿರಿನಲ್ಲಿ ಬರುವ ಮಾತುಗಳಾದ್ದರಿಂದ ಈ ಅರ್ಥ ಇನ್ನೂ ಬೇಗ ಹೊಳೆಯುತ್ತದೆ.

ಇದಕ್ಕೆ ಮಗುವನ್ನು ಬಯ್ದು ಪ್ರಯೋಜನವಿಲ್ಲ. ‘ಇಲ್ಲದ’, ‘ಊರಿಗೆ’ ಎಂದು ಬಿಡಿಸಿ ಹಾಡು ಎಂದು ಒತ್ತಾಯ ಮಾಡಿದರೆ ಅದು ‘ದ’ ಆದ ಮೇಲೆ ಗಂಟಲು ಕಟ್ಟಿಕೊಂಡು ಹಾಡುತ್ತದೆ, ಇಲ್ಲವೇ ನಡುವೆ ವಕಾರ ಸೇರಿಸಿ ‘ಇಲ್ಲದವೂರಿಗೆ’ ಎನ್ನುತ್ತದೆ. ಹತ್ತು ಮಕ್ಕಳು ಸೇರಿ ಹಾಡಿದಾಗ ಒಬ್ಬರು ಬಿಡಿಸಿ, ಒಬ್ಬರು ಕೂಡಿಸಿ, ಸಾಲು ಕಲಸಿಹೋಗುತ್ತದೆ. ತಿದ್ದಬೇಕಾದದ್ದು ಪದವನ್ನು. ಹೀಗೆ:

ನೀರಿಲ್ಲದ ಹಳ್ಳಿಗೆ ಮಳೆ ಬಂತು

ಊರು ಹೋಗಿ ಹಳ್ಳಿ ಬಂತು. ಮಾತ್ರೆ ಒಂದೂ ಹೆಚ್ಚುಕಡಿಮೆಯಾಗಿಲ್ಲ. ‘ಊ’ ಇದ್ದ ಎರಡು ಮಾತ್ರೆಯ ಜಾಗದಲ್ಲಿ ‘ಹಳ್’ ಕೂತಿದೆ. ಪದ ಸ್ವರದಿಂದ ಶುರುವಾಗದೆ ವ್ಯಂಜನದಿಂದ ಶುರುವಾಗುವುದರಿಂದ ‘ದ’ ಕರಗಲು ಜಾಗವೇ ಇಲ್ಲ. ತುದಿಯ ಸ್ವರ ಉಳಿಯಲೇಬೇಕಾದ ಕಡೆ ಮುಂದಿನ ಪದವನ್ನು ವ್ಯಂಜನದಿಂದ ಆರಂಭಿಸುವುದು ಪದ ಕಟ್ಟುವವರ ಕೈಯಲ್ಲಿರುವ ಅತಿ ಸುಲಭದ ಉಪಾಯ.

ಇನ್ನೊಂದು ದಾರಿಯೂ ಇದೆ. ವ್ಯಾಕರಣದಲ್ಲಿ ಪ್ರಕೃತಿಭಾವ ಎಂಬುದನ್ನು ಓದಿರುತ್ತೀರಿ. ‘ಅಣ್ಣಾ, ಇಲ್ಲಿ ಬಾ’ ಎಂದು ಕೂಗಿ ಕರೆದಾಗ ಅಣ್ಣನ ತುದಿಯ ಆಕಾರ ಇಲ್ಲಿಯ ಇಕಾರದ ಜೊತೆ ಕೂಡುವುದಿಲ್ಲ. ಕೂಗುವಾಗ ಆ ಸ್ವರ ದೀರ್ಘಕ್ಕಿಂತಲೂ ಉದ್ದವಾಗಿ ಪ್ಲುತವಾಗಿರುತ್ತದೆ, ಪ್ಲುತಕ್ಕೆ ಮೂರು ಮಾತ್ರೆ. ಹಾಡಿನಲ್ಲಿ ಧಾಟಿಯೇ ಇಂಥ ಪ್ಲುತಗಳನ್ನು ಹುಟ್ಟಿಸುತ್ತದೆ. ಪದದ ತುದಿ ಎಳೆತದ ಮೇಲೆ ಬಂದರೆ ಅದು ತಾನಾಗಿಯೇ ಉದ್ದವಾಗುತ್ತದೆ, ಉಸಿರು ತೆಗೆದುಕೊಳ್ಳಲು ಹೊತ್ತು ಸಿಗುತ್ತದೆ, ಮುಂದೆ ಸ್ವರದ ಪದ ಬಂದರೂ ಕೂಡುವುದಿಲ್ಲ. ನಮ್ಮ ಸಾಲಿನ ‘ಬಂತೂ’ ಎಳೆತದ ಮೇಲಿದೆ. ಮುಂದಿನ ಸಾಲು ‘ಊರಿಗೆ’ ಎಂದೇ ಶುರುವಾದರೂ ‘ಬಂತೂರಿಗೆ’ ಎಂದು ಯಾರೂ ಹಾಡುವುದಿಲ್ಲ. ಎಂದರೆ, ಊರು ಎಂಬ ಪದವೇ ಬೇಕು ಎಂದಿದ್ದರೆ ಅದನ್ನು ಸಾಲಿನ ತಲೆಗೆ ತರಬೇಕು. ‘ಊರಿಗೆ ನೀರಿಲ್ಲಾ’ ಎಂದರೆ ನಾಲ್ಕು, ನಾಲ್ಕು, ಮತ್ತೆ ಒಂದು ಉದ್ದನೆಯ ಎಳೆತ. ಒಳಗೆ ನೀರು ಮತ್ತು ಇಲ್ಲ ಕೂಡಿವೆ, ಆದರೆ ಅಲ್ಲಿ ಕೂಡಿದರೆ ಅರ್ಥ ಕೆಡುವುದಿಲ್ಲ.

ಈಗ ಎರಡನೆಯ ಸಾಲಿಗೆ ಬರೋಣ.

ಹೊಲದಾಗಿನ ಬೆಳೆಗೆ ಜೀವ ಬಂತು

ಹೊ-ಲ-ದಾ, ಗಿ-ನ-ಬೆ-ಳೆ, ಗೆ-ಜೀ-ವ, ಬಂ-ತೂ. ಹದಿನಾರಕ್ಕೆ ಹದಿನಾರು. ಪದಗಳ ನಡುವೆ ಎಲ್ಲಿಯೂ ಸ್ವರಕ್ಕೆ ಸ್ವರ ತಾಗಿಲ್ಲ, ಸಂಧಿಯ ಭಯವೂ ಇಲ್ಲ. ಆದರೂ ಈ ಸಾಲು ಕೆಡುತ್ತದೆ. ಎರಡನೆಯ ಪೆಟ್ಟಿನ ಕೊನೆಯ ಎರಡು ಮಾತ್ರೆ ದನಿ ನಿಲ್ಲುವ ಜಾಗ ಎಂದೆನಲ್ಲ, ಅಲ್ಲಿ ಬಂದು ಕೂತಿರುವುದು ಬೆ-ಳೆ. ಎರಡು ಹ್ರಸ್ವಾಕ್ಷರ. ಮೊದಲ ಸಾಲಿನಲ್ಲಿ ‘ಹಳ್’ ಎಂದು ನಿಂತ ದನಿ ಇಲ್ಲಿಯೂ ನಿಲ್ಲಲು ನೋಡುತ್ತದೆ, ‘ಬೆ’ಯನ್ನೇ ಹಿಡಿದುಕೊಳ್ಳುತ್ತದೆ. ‘ಬೇ…ಳೆಗೆ ಜೀವ ಬಂತು.’ ಹೊಲದ ಬೆಳೆ ಹೋಗಿ ಅಡುಗೆಮನೆಯ ಬೇಳೆ ಬಂತು.

ಕನ್ನಡದಲ್ಲಿ ಇಂಥ ಜೋಡಿಗಳು ಹೆಜ್ಜೆಗೊಂದರಂತೆ ಸಿಗುತ್ತವೆ. ಒಲೆ, ಓಲೆ. ಬಳೆ, ಬಾಳೆ. ನಡು, ನಾಡು. ಮರ, ಮಾರ. ಬಿಡು, ಬೀಡು. ಗಮನಿಸಿ, ಇವೆಲ್ಲದರಲ್ಲಿ ವ್ಯತ್ಯಾಸ ಇರುವುದು ಮೊದಲ ಅಕ್ಷರದಲ್ಲಿ. ಬೆಳೆ ಎಂಬುದರ ತುದಿಯನ್ನು ಎಷ್ಟು ಬೇಕಾದರೂ ಎಳೆಯಿರಿ, ‘ಬೆಳೇ’ ಎಂದರೂ ಬೆಳೆಯೇ. ತಲೆಯನ್ನು ಒಂದು ಮಾತ್ರೆ ಎಳೆದರೂ ಬೇರೆ ಪದ.

ನಮ್ಮ ಹಳೆಯ ಛಂದಸ್ಸು ಈ ಸ್ವಭಾವವನ್ನು ತಿಳಿದೇ ಕಟ್ಟಿದ್ದು. ಬೀಸುವಾಗ, ಸೋಬಾನೆ ಹೇಳುವಾಗ ನಮ್ಮ ತಾಯಂದಿರು ಹಾಡಿದ ತ್ರಿಪದಿ ಅಂಶಗಣದ ಪದ್ಯ. ಮೂರು ಸಾಲಿಗೆ ಹನ್ನೊಂದು ಗಣ. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು. ನಾಗವರ್ಮನ ಛಂದೋಂಬುಧಿಯಷ್ಟು ಹಳೆಯ ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಗಣದ ಮೊದಲ ಅಂಶ ಒಂದು ಗುರುವಾಗಿರಬೇಕು, ಇಲ್ಲವೇ ಎರಡು ಲಘುವಾಗಿರಬೇಕು. ಉಳಿದ ಅಂಶಗಳು ಲಘುವಾದರೂ ಸರಿ, ಗುರುವಾದರೂ ಸರಿ. ಲಘುವಿದ್ದರೆ ಹಾಡುವವರು ಎಳೆದು ತುಂಬಿಕೊಳ್ಳುತ್ತಾರೆ. ಹಾಗೆ ಎಳೆಯುವುದಕ್ಕೆ ಕರ್ಷಣ ಎಂದು ಹೆಸರು.

ಈ ನಿಯಮದ ಫಲ ಏನೆಂದು ‘ಬೆಳೆ ಬಂತು’ ಎಂಬ ಒಂದು ಗಣದಲ್ಲಿ ನೋಡಬಹುದು. ಬೆ-ಳೆ ಎಂಬ ಎರಡು ಲಘು ಸೇರಿ ಮೊದಲ ಅಂಶ. ‘ಬಂ’ ಎರಡನೆಯದು, ‘ತು’ ಮೂರನೆಯದು. ಮೊದಲ ಅಂಶದ ಕಾಲವನ್ನು ಎರಡು ಲಘುಗಳೇ ತುಂಬಿರುವುದರಿಂದ ‘ಬೆ’ಯನ್ನು ಎಳೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ಎಳೆತ ಬೀಳುವುದು ‘ತು’ ಎಂಬ ತುದಿಯ ಮೇಲೆ. ಕರ್ಷಣಕ್ಕೆ ಅವಕಾಶ ಕೊಟ್ಟವರೇ ಪದದ ತಲೆಗೆ ಅದು ತಾಗದ ಹಾಗೆ ಏರ್ಪಾಡು ಮಾಡಿದ್ದಾರೆ. ಓದುಬರಹ ಕಲಿಯದ ಹಾಡುಗಾರ್ತಿಯರ ಬಾಯಲ್ಲಿ ಸಾವಿರಾರು ತ್ರಿಪದಿಗಳು ಅರ್ಥ ಕೆಡದೆ ಬಂದದ್ದರಲ್ಲಿ ಈ ಏರ್ಪಾಡಿನ ಪಾಲೂ ಇದೆ. ಇವತ್ತಿನ ಸಿದ್ಧ ಧಾಟಿಗೆ ಪದ ಬರೆಯುವವರಿಗೆ ಆ ರಕ್ಷಣೆ ಇಲ್ಲ. ಧಾಟಿ ತನಗೆ ಬೇಕಾದ ಕಡೆ ನಿಲ್ಲುತ್ತದೆ. ಅಲ್ಲಿಗೆ ಯಾವ ಅಕ್ಷರ ಬರಬೇಕೆಂದು ನಾವೇ ಕಾಯಬೇಕು.

ಹಾಗಾದರೆ ನಮ್ಮ ಎರಡನೆಯ ಸಾಲಿಗೆ ದಾರಿ ಏನು? ದನಿ ನಿಲ್ಲುವ ಜಾಗಕ್ಕೆ ಮೊದಲೇ ದೀರ್ಘವಾಗಿರುವ ಅಕ್ಷರ ತರಬೇಕು.

ಹೊಲದಾಗಿನ ಜೋಳಕೆ ಬಲ ಬಂತು

‘ಜೋ’ ಎರಡು ಮಾತ್ರೆಯ ದೀರ್ಘ. ಅಲ್ಲಿ ನಾಲ್ಕು ಮಾತ್ರೆ ನಿಂತರೂ ಜೋಳ ಜೋಳವೇ. ಇಲ್ಲಿ ಇನ್ನೊಂದು ಕೆಲಸವೂ ನಡೆದಿದೆ. ಮಾತಿನಲ್ಲಿ ‘ಜೋಳಕ್ಕೆ’ ಎನ್ನುತ್ತೇವೆ, ಐದು ಮಾತ್ರೆ. ಹಾಡಿನಲ್ಲಿ ಒತ್ತು ತೆಗೆದು ‘ಜೋಳಕೆ’ ಎಂದರೆ ನಾಲ್ಕು. ಮನೆಯಲ್ಲಿ ಎಂಬುದು ಮನೆಯಲಿ, ಅವನನ್ನು ಎಂಬುದು ಅವನನು, ಮರಕ್ಕೆ ಎಂಬುದು ಮರಕೆ ಆಗುವುದೂ ಹೀಗೆಯೇ. ಕನ್ನಡ ಕವಿಗಳು ಉದ್ದಕ್ಕೂ ಬಳಸಿಕೊಂಡು ಬಂದ ಸವಲತ್ತು ಇದು. ಆದರೆ ಸವಲತ್ತು ಇರುವುದು ವಿಭಕ್ತಿ ಪ್ರತ್ಯಯದ ಒತ್ತಿಗೆ, ಎಂದರೆ ಪದದ ತುದಿಗೆ. ಪದದ ಒಡಲಿನ ಒತ್ತಿಗೆ ಇಲ್ಲ. ‘ಹಳ್ಳಿಗೆ’ ಎಂಬುದನ್ನು ಒಂದು ಮಾತ್ರೆ ಉಳಿಸಲೆಂದು ‘ಹಳಿಗೆ’ ಮಾಡಿದರೆ ಮಳೆ ರೈಲು ಹಳಿಗೆ ಬರುತ್ತದೆ.

ಒತ್ತಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ‘ಮಲ್ಲಿಗೆ’ಯ ‘ಮಲ್’, ‘ಹತ್ತಿ’ಯ ‘ಹತ್’, ಲೆಕ್ಕಕ್ಕೆ ಎರಡೂ ಗುರುವೇ. ಹಾಡಲು ಎರಡೂ ಒಂದೇ ಅಲ್ಲ. ‘ಮಲ್’ ಎಂದು ಹಿಡಿದು ಲಕಾರದ ಮೇಲೆಯೇ ದನಿ ನಿಲ್ಲಿಸಬಹುದು, ನಾದ ಹರಿಯುತ್ತಲೇ ಇರುತ್ತದೆ; ಅಕಾರವನ್ನು ಉದ್ದ ಮಾಡಬೇಕಾಗಿಲ್ಲ. ‘ಹತ್’ ಎಂದ ಕೂಡಲೇ ನಾಲಿಗೆ ಹಲ್ಲಿಗೆ ತಾಗಿ ಉಸಿರು ಕಟ್ಟುತ್ತದೆ. ಮೌನದಲ್ಲಿ ನಿಲ್ಲಲು ಆಗದು, ಆದ್ದರಿಂದ ಹಾಡುವವರು ಅಕಾರವನ್ನು ಎಳೆದು ‘ಹಾತ್ತಿ’ ಎನ್ನುತ್ತಾರೆ. ಎಳೆತದ ಜಾಗಕ್ಕೆ ಒತ್ತಕ್ಷರದ ಗುರು ತರಬೇಕಾದರೆ ಲ್ಲ, ಳ್ಳ, ನ್ನ, ಮ್ಮ, ಸೊನ್ನೆ ಇಂಥವನ್ನು ಆರಿಸಬೇಕು. ಕ್ಕ, ಟ್ಟ, ತ್ತ, ಪ್ಪ ಇರುವ ಪದಗಳನ್ನು ದನಿ ಬೇಗ ದಾಟಿಹೋಗುವ ಜಾಗದಲ್ಲಿ ಇಡಬೇಕು. ‘ನೀರಿಲ್ಲದ ಹಳ್ಳಿಗೆ’ ಎಂಬಲ್ಲಿ ದನಿ ನಿಲ್ಲುವ ಜಾಗಕ್ಕೆ ‘ಹಳ್’ ಒಗ್ಗಿದ್ದು ಈ ಕಾರಣಕ್ಕೆ. ಅದೇ ಜಾಗಕ್ಕೆ ‘ಹಟ್ಟಿಗೆ’ ಎಂದು ತಂದಿದ್ದರೆ ಮಾತ್ರೆ ಸರಿಹೋಗುತ್ತಿತ್ತು, ಹಾಡು ಸರಿಹೋಗುತ್ತಿರಲಿಲ್ಲ.

ಇಲ್ಲಿ ನಮ್ಮ ಸೀಮೆಯ ಮಾತಿಗೆ ಒಂದು ಅನುಕೂಲವಿದೆ. ಪುಸ್ತಕದ ಮಾತಿನಲ್ಲಿ ಮನೆಯಲ್ಲಿ, ಕೆರೆಯಲ್ಲಿ, ಹೊಲದಲ್ಲಿ. ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳ ಬಾಯಲ್ಲಿ ಮನ್ಯಾಗ, ಕೆರ್ಯಾಗ, ಹೊಲದಾಗ. ಲೆಕ್ಕ ಹಾಕಿ ನೋಡಿ. ಮನೆಯಲ್ಲಿ ಐದು ಮಾತ್ರೆ, ಮನ್ಯಾಗ ಕೂಡ ಐದೇ. ಅಕ್ಷರ ನಾಲ್ಕು ಇದ್ದದ್ದು ಮೂರಾಗಿದೆ, ಮಾತ್ರೆ ಕಡಿಮೆಯಾಗಿಲ್ಲ. ‘ನೆ’ಯ ಸ್ವರ ಯಕಾರದಲ್ಲಿ ಅಡಗಿತು, ಅದರ ಕಾಲವನ್ನು ‘ಮನ್’ ತೆಗೆದುಕೊಂಡಿತು. ‘ಯಲ್’ ಎಂದು ಮುಚ್ಚಿಕೊಂಡಿದ್ದ ಅಕ್ಷರ ‘ಯಾ’ ಎಂದು ಬಾಯಿ ತೆರೆದು ನಿಂತಿತು. ತೆರೆದ ಆಕಾರವನ್ನು ಎಷ್ಟು ಹೊತ್ತಾದರೂ ಎಳೆಯಬಹುದು. ಬಯಲಾಟದ ರಂಗದಿಂದ ದೂರದ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸಬೇಕಾದವರಿಗೆ ಇದು ಬಲು ದೊಡ್ಡ ಸಹಾಯ. ಪುಸ್ತಕದ ಮಾತಿನಲ್ಲಿ ಬರೆದ ಸಾಲು ಎಳೆತದ ಮೇಲೆ ತೊಡರಿದರೆ ನಮ್ಮ ಆಡುಮಾತಿನ ರೂಪ ಹಾಕಿ ನೋಡಿ. ಬಹಳ ಸಲ ತಾಳ ಕದಲದೆ ಸಾಲು ಬಿಡಿಸಿಕೊಳ್ಳುತ್ತದೆ.

ಎಚ್ಚರವೂ ಬೇಕು. ‘ಕೆರ್ಯಾಗ’ ಎಂಬಲ್ಲಿ ಎಳೆಯಬೇಕಾದದ್ದು ‘ಯಾ’ವನ್ನು. ಅಪ್ಪಿತಪ್ಪಿ ದನಿ ‘ಕೆ’ಯ ಮೇಲೆ ನಿಂತರೆ ಅದು ‘ಕೇರ್ಯಾಗ’ ಆಗುತ್ತದೆ, ಕೆರೆಯಲ್ಲಿ ಇದ್ದ ನೀರು ಕೇರಿಗೆ ಬರುತ್ತದೆ. ತಲೆಯನ್ನು ಮುಟ್ಟಬಾರದು ಎಂಬ ನಿಯಮಕ್ಕೆ ಆಡುಮಾತಿನಲ್ಲಿಯೂ ವಿನಾಯಿತಿ ಇಲ್ಲ.

ಕೂಡಬೇಕಾದ ಕಡೆ ಮೊದಲೇ ಕೂಡಿಸಿಟ್ಟು, ಹಾಡುವವರಿಗೆ ಏನೂ ಬಿಡದೆ ಇರುವುದೂ ಒಂದು ಜಾಣತನ. 19ನೆಯ ಶತಮಾನದ ಹರಿದಾಸಿ ಹರಪನಹಳ್ಳಿ ಭೀಮವ್ವನವರ ಅಂಕಿತ ‘ಭೀಮೇಶಕೃಷ್ಣ’. ದಾಸರ ಪದದಲ್ಲಿ ಅಂಕಿತ ಕೊನೆಯ ಚರಣಕ್ಕೆ ಬರಲೇಬೇಕು. ಪದ ಯಾವುದಾದರೂ ಇರಲಿ, ಧಾಟಿ ಯಾವುದಾದರೂ ಇರಲಿ, ಆ ಹೆಸರು ಅಲ್ಲಿ ಕೂರಬೇಕು. ಭೀಮ, ಈಶ, ಕೃಷ್ಣ ಎಂದು ಬಿಡಿಸಿದರೆ ಒಂಬತ್ತು ಮಾತ್ರೆ. ನಡುವೆ ‘ಮ’ಕ್ಕೆ ‘ಈ’ ತಾಗಿ, ಒಬ್ಬರು ಬಿಡಿಸಿ ಒಬ್ಬರು ಕೂಡಿಸಿ ಹಾಡಲು ಎಡೆಯಾಗುತ್ತದೆ. ಗುಣಸಂಧಿಯಾಗಿ ‘ಭೀಮೇಶಕೃಷ್ಣ’ ಎಂದಾದ ಮೇಲೆ ಎಂಟು. ಭೀ-ಮೇ ನಾಲ್ಕು, ಶ-ಕೃಷ್-ಣ ನಾಲ್ಕು. ‘ಕೃ’ ಒತ್ತಕ್ಷರವಲ್ಲದ್ದರಿಂದ ಹಿಂದಿನ ‘ಶ’ ಲಘುವಾಗಿಯೇ ಉಳಿಯುತ್ತದೆ. ನಾಲ್ಕರ ನಡೆಯ ಯಾವ ಪದಕ್ಕೂ ಎರಡು ಪೆಟ್ಟಿಗೆ ಸರಿಯಾಗಿ ಒಪ್ಪುತ್ತದೆ. ತಲೆಯಲ್ಲಿ ‘ಭೀ’, ಅದರ ಬೆನ್ನಿಗೆ ‘ಮೇ’, ಎರಡೂ ಹುಟ್ಟಿನಿಂದ ದೀರ್ಘ. ಯಾವುದರ ಮೇಲೆ ದನಿ ನಿಂತರೂ ಹೆಸರು ಕೆಡುವುದಿಲ್ಲ. ಅಕ್ಷರ ನೋಡದೆ ಕಿವಿಯಿಂದ ಕಿವಿಗೆ ಕಲಿಯುವ ಹೆಂಗಸರ ಹಾಡಿಗೆ ಇಂಥ ಗಟ್ಟಿ ಅಂಕಿತವೇ ಬೇಕು. ಕೊಟ್ಟೂರೇಶ್ವರ ಎಂಬ ಹೆಸರೂ ಹೀಗೆಯೇ ನಾಲ್ಕು ನಾಲ್ಕರ ಎಂಟು ಮಾತ್ರೆ. ಭಜನೆಯ ಪಲ್ಲವಿಗೆ ಅದು ಅಷ್ಟು ಸಲೀಸಾಗಿ ಕೂರುವುದು ಅದಕ್ಕೇ.

ಪದ ಕಟ್ಟಲು ಕೂರುವ ಕಿರಿಯರಿಗೆ ಇಷ್ಟು ಹೇಳುತ್ತೇನೆ. ಮೊದಲು ಮಾತಿಲ್ಲದೆ ಧಾಟಿಯನ್ನಷ್ಟೇ ಗುನುಗಿ, ದನಿ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಆ ಜಾಗಗಳಿಗೆ ಪದದ ತುದಿಯನ್ನೋ, ಹುಟ್ಟು ದೀರ್ಘವನ್ನೋ, ಲ್ಲ ಳ್ಳ ನ್ನಗಳ ಗುರುವನ್ನೋ ತನ್ನಿ. ಹ್ರಸ್ವವಾದ ಮೊದಲ ಅಕ್ಷರವನ್ನು ತರಬೇಡಿ. ಆಮೇಲೆ ಸಾಲನ್ನು ಓದುತ್ತಾ, ಸ್ವರದಿಂದ ಶುರುವಾಗುವ ಪ್ರತಿಯೊಂದು ಪದದ ಹಿಂದೆ ನಿಂತು ನೋಡಿ. ಹಿಂದಿನ ಪದದ ತುದಿಗೆ ಧಾಟಿ ಹೊತ್ತು ಕೊಟ್ಟಿದೆಯೇ? ಕೊಟ್ಟಿದ್ದರೆ ಬಿಡಿಯಾಗಿಯೇ ಇರಲಿ. ಕೊಟ್ಟಿಲ್ಲದಿದ್ದರೆ ಹಾಡುವ ಬಾಯಿ ಅವೆರಡನ್ನು ಕೂಡಿಸಿಯೇ ಕೂಡಿಸುತ್ತದೆ. ನೀವೇ ಕೂಡಿಸಿ ಬರೆದು ಜೋರಾಗಿ ಓದಿ. ಅರ್ಥ ಕೆಡದಿದ್ದರೆ ಹಾಗೇ ಉಳಿಸಿ ಮಾತ್ರೆಯನ್ನು ಹೊಸದಾಗಿ ಎಣಿಸಿ. ಕೆಟ್ಟರೆ ಪದ ಬದಲಿಸಿ.

ಕೊನೆಗೆ, ಹಾಳೆ ನೋಡದ ಒಬ್ಬರಿಗೆ ಬಾಯಿಂದಲೇ ಹಾಡನ್ನು ಕಲಿಸಿ, ಅವರು ಹಾಡುವಾಗ ಹಾಳೆ ನೋಡದ ಇನ್ನೊಬ್ಬರಿಂದ ಕೇಳಿದ್ದನ್ನು ಬರೆಸಿ. ನಿಮ್ಮ ಹಾಳೆಗೂ ಆ ಹಾಳೆಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ತಿದ್ದಬೇಕಾದದ್ದು ನಿಮ್ಮ ಸಾಲು. ನೀರಿಲ್ಲದ ಊರು ದೂರಾಗಿ ಕೇಳಿದರೆ ಕೇಳಿದವರ ಕಿವಿಯನ್ನಾಗಲಿ, ಹಾಡಿದವರ ನಾಲಿಗೆಯನ್ನಾಗಲಿ ದೂರಬೇಡಿ. ಅವರು ಮಾಡಿದ ಸಂಧಿ ಕನ್ನಡದ್ದೇ. ಅದಕ್ಕೆ ಒಪ್ಪುವ ಪದ ಹುಡುಕುವ ಕೆಲಸ ಬರೆಯುವವರದು.